ಓಡುವ ಗಳಿಗೆಗಲ್ಲ, ಕಾಯುವ ಹೊತ್ತಿಗೆ ಉಡುಪು ಆರಿಸಿ: ಬೇಸಿಗೆ ಕ್ರೀಡಾಕೂಟದ ಸಂಘಟಕರಿಗೊಂದು ಬಹಿರಂಗ ಪತ್ರ

ರಾಯಚೂರು, ಕಲಬುರಗಿ, ಯಾದಗಿರಿ, ಬಳ್ಳಾರಿ ಕಡೆ ಮಕ್ಕಳ ಬೇಸಿಗೆ ಶಿಬಿರ ನಡೆಸುವ ಎಲ್ಲ ಸಂಘಟಕರಿಗೆ, ತರಬೇತುದಾರರಿಗೆ, ದೈಹಿಕ ಶಿಕ್ಷಕರಿಗೆ ನಮಸ್ಕಾರಗಳು.

ಏಪ್ರಿಲ್-ಮೇ ತಿಂಗಳ ಶಿಬಿರ ಮುಗಿಯುವಾಗ ನೀವು ದಿನಪೂರ್ತಿ ಕ್ರೀಡಾಕೂಟ ಇಟ್ಟುಕೊಳ್ಳುತ್ತೀರಿ. ಅದಕ್ಕೆ ಬೇಕಾದ ಟಿ-ಶರ್ಟು, ಟೋಪಿಗಳ ಆರ್ಡರ್ ಮಾರ್ಚ್‌ನಲ್ಲೇ ಹೋಗಿರುತ್ತದೆ. ಆ ಆರ್ಡರ್ ಕೊಡುವ ಮೊದಲು ಈ ಪತ್ರವನ್ನು ಒಮ್ಮೆ ಓದಿ ಎಂದು ಕೇಳಿಕೊಳ್ಳುತ್ತೇನೆ. ಶಾಲಾ ಸಮವಸ್ತ್ರ, ಆಟದ ಉಡುಪು ಹೊಲಿದು ಬದುಕುವವಳು ನಾನು. ಬೇಸಿಗೆ ಬಂತೆಂದರೆ ಮಗಳ ಚೀಲ ಹೊತ್ತು ಮೈದಾನದ ಅಂಚಿನಲ್ಲಿ ಕೂರುವ ತಾಯಿಯೂ ಹೌದು. ಹೊಲಿಯುವಾಗ ಬಟ್ಟೆ ಹೇಗಿರುತ್ತದೆ, ಬಿಸಿಲಲ್ಲಿ ಅದೇ ಬಟ್ಟೆ ಮಕ್ಕಳ ಮೈಮೇಲೆ ಏನಾಗುತ್ತದೆ ಎಂಬುದನ್ನು ಎರಡೂ ಕಡೆಯಿಂದ ನೋಡಿರುವುದರಿಂದ ಬರೆಯುತ್ತಿದ್ದೇನೆ.

ನಮ್ಮ ಕಡೆಯ ಬಿಸಿಲಿನ ಬಗ್ಗೆ ನಿಮಗೆ ಹೇಳಬೇಕಾದ್ದಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ-ಬಾಗಲಕೋಟೆಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರೆ. ಫ್ಯಾನಿನ ಕೆಳಗೆ ಕೂತು ಕೆಲಸ ಮಾಡುವ ದೊಡ್ಡವರಿಗೇ ಇಷ್ಟು ಅನುಕೂಲ ಮಾಡಿರುವಾಗ, ಬಯಲಿನಲ್ಲಿ ನಿಲ್ಲುವ ಒಂಬತ್ತು-ಹತ್ತು ವರ್ಷದ ಮಕ್ಕಳ ಮೈಮೇಲಿನ ಬಟ್ಟೆಯ ಬಗ್ಗೆ ನಾವು ಇನ್ನೂ ಸ್ವಲ್ಪ ಯೋಚಿಸಬೇಕಿತ್ತು.

ನೀವು ಉಡುಪು ಆರಿಸುವುದು ಓಟಕ್ಕೆಂದು. ಮಕ್ಕಳು ಅದನ್ನು ತೊಟ್ಟುಕೊಳ್ಳುವುದು ಕಾಯುವುದಕ್ಕೆ. ಐದನೇ ತರಗತಿಯ ಒಬ್ಬ ಹುಡುಗಿಯನ್ನು ತೆಗೆದುಕೊಳ್ಳಿ. 100 ಮೀಟರ್ ಓಟ, ಉದ್ದ ಜಿಗಿತ, ರಿಲೇ ಮೂರಕ್ಕೂ ಹೆಸರು ಕೊಟ್ಟಿದ್ದಾಳೆ. ಏಳೂವರೆಗೆ ಮೈದಾನಕ್ಕೆ ಬರುತ್ತಾಳೆ. ಪಥಸಂಚಲನ, ಗಣ್ಯರ ಭಾಷಣ ಮುಗಿಯುವಾಗ ಒಂಬತ್ತು. ಒಂಬತ್ತೂಕಾಲಿಗೆ ಹೀಟ್ಸ್, ಹನ್ನೊಂದಕ್ಕೆ ಜಿಗಿತ, ಒಂದು ಗಂಟೆಗೆ ರಿಲೇ, ಮೂರಕ್ಕೆ ಬಹುಮಾನ ವಿತರಣೆ. ಎಲ್ಲ ಸೇರಿಸಿದರೂ ಅವಳು ನಿಜವಾಗಿ ಓಡುವುದು, ಜಿಗಿಯುವುದು ಎರಡು-ಮೂರು ನಿಮಿಷ. ಉಳಿದ ಏಳು ತಾಸು ಸಾಲಿನಲ್ಲಿ ನಿಂತಿರುತ್ತಾಳೆ, ಸುಣ್ಣದ ಗೆರೆಯ ಪಕ್ಕ ಕೂತಿರುತ್ತಾಳೆ, ಗೆಳತಿಯರಿಗೆ ಚಪ್ಪಾಳೆ ತಟ್ಟುತ್ತಿರುತ್ತಾಳೆ. ಬಿಸಿಲು ಅವಳಿಗೆ ತಾಗುವುದು ಆ ಏಳು ತಾಸಿನಲ್ಲಿ. ಆದ್ದರಿಂದ ಅಂಗಿಯಿಂದ ಕಾಲುಚೀಲದವರೆಗೆ ಎಲ್ಲವನ್ನೂ ಕಾಯುವ ಹೊತ್ತನ್ನು ಲೆಕ್ಕಕ್ಕಿಟ್ಟುಕೊಂಡೇ ಆರಿಸಬೇಕು ಎನ್ನುವುದು ನನ್ನ ಮನವಿ.

ಬಣ್ಣದಿಂದ ಶುರು ಮಾಡುತ್ತೇನೆ, ಏಕೆಂದರೆ ತಪ್ಪು ಹೆಚ್ಚಾಗಿ ಆಗುವುದು ಅಲ್ಲೇ. ನಾಲ್ಕು ತಂಡ ಮಾಡಿ ಕಡುಗೆಂಪು, ಕಡುನೀಲಿ, ಕಡುಹಸಿರು, ಹಳದಿ ಅಂಗಿ ಹಂಚುತ್ತೀರಿ. ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಕಡುಬಣ್ಣದ ಬಟ್ಟೆ ಬಿಸಿಲನ್ನು ಹೀರಿಕೊಂಡು ಕಾಯುತ್ತದೆ, ತಿಳಿಬಣ್ಣ ಅದರಲ್ಲಿ ಬಹುಪಾಲನ್ನು ಹೊರಗೇ ತಿರುಗಿಸಿಬಿಡುತ್ತದೆ. ನಂಬಿಕೆ ಬರದಿದ್ದರೆ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಒಂದೇ ಬಗೆಯ ಬಟ್ಟೆಯ ಕಡುನೀಲಿ ಅಂಗಿಯನ್ನೂ ಬಿಳಿ ಅಂಗಿಯನ್ನೂ ಪಕ್ಕಪಕ್ಕ ಹರವಿ, ಹತ್ತು ನಿಮಿಷ ಬಿಟ್ಟು ಮುಟ್ಟಿ ನೋಡಿ. ಹಳದಿ ತಂಡದ ಮಕ್ಕಳಿಗಿಂತ ನೀಲಿ ತಂಡದ ಮಕ್ಕಳು ಬೇಗ ಬಳಲುವುದಕ್ಕೆ ನಾವು ಅವಕಾಶ ಕೊಡಬಾರದಲ್ಲ.

ತಂಡದ ಗುರುತು ಬೇಡವೆಂದು ನಾನು ಹೇಳುವುದಿಲ್ಲ. ಮಕ್ಕಳಿಗೆ ಅದರ ಮೇಲೆ ಎಷ್ಟು ಅಭಿಮಾನವಿರುತ್ತದೆ ಎಂದು ಗೊತ್ತಿದೆ. ಆ ಬಣ್ಣವನ್ನು ತೋಳಪಟ್ಟಿಗೆ ಇಳಿಸಿ. 44 ಇಂಚು ಅಗಲದ ಬಟ್ಟೆ ಒಂದು ಮೀಟರ್ ತಂದರೆ, 3 ಇಂಚು ಅಗಲ, 14 ಇಂಚು ಉದ್ದದ ಪಟ್ಟಿಗಳು ಹತ್ತಿರಹತ್ತಿರ ನಲವತ್ತು ಬರುತ್ತವೆ. ಅಂಚು ಮಡಿಸಿ, ತುದಿಗೆ ತುಸು ಎಲಾಸ್ಟಿಕ್ ಇಟ್ಟು ಹೊಲಿದರೆ ಒಂದು ತಂಡಕ್ಕೆ ಸಾಕಾಗುವಷ್ಟು. ಅಂಗಿ ಎಲ್ಲರಿಗೂ ಒಂದೇ: ಬಿಳಿ, ಕೆನೆಬಣ್ಣ ಅಥವಾ ತಿಳಿಹಳದಿ. ಹಾಗೆ ಮಾಡಿದರೆ ಮನೆಯಲ್ಲಿ ಈಗಾಗಲೇ ಇರುವ ತಿಳಿಬಣ್ಣದ ಅಂಗಿಯೂ ನಡೆಯುತ್ತದೆ. ಎರಡನೇ ಅಂಗಿ ತನ್ನಿ ಎಂದು ಪಾಲಕರಿಗೆ ಹೇಳುವುದೂ ಆಗ ಸುಲಭ. ತಂಡದ ಅಂಗಿ ಒಂದೇ ಒಂದು ಇರುವಾಗ ಬೆವರಿನಲ್ಲಿ ತೊಯ್ದರೂ ಬದಲಿಸಲು ಮಗುವಿಗೆ ದಾರಿ ಇರುವುದಿಲ್ಲ.

ಬಿಳಿ ಎಂದ ಕೂಡಲೇ ತೀರಾ ತೆಳು ಬಟ್ಟೆ ತರಬೇಡಿ. ತಿಳಿಬಣ್ಣ ಕಾವನ್ನು ತಡೆದರೂ, ತೆಳುವಾದ ಬಿಳಿ ಹತ್ತಿಬಟ್ಟೆಯೊಳಗಿಂದ ಚರ್ಮ ಸುಡುವ ನೇರಳಾತೀತ ಕಿರಣ ನುಗ್ಗುತ್ತದೆ. ಬಟ್ಟೆ ಒದ್ದೆಯಾದರೆ ಆ ತಡೆ ಅರ್ಧಕ್ಕೂ ಕೆಳಗೆ ಇಳಿಯಬಹುದು. ಅಂಗಿಯೊಳಗೆ ಕೈ ಇಟ್ಟು ಬೆಳಕಿಗೆ ಹಿಡಿಯಿರಿ. ಬೆರಳು ಒಂದೊಂದಾಗಿ ಸ್ಪಷ್ಟವಾಗಿ ಕಂಡರೆ ಆ ಬಟ್ಟೆ ಬೇಡ, ಇಡೀ ಕೈಯ ನೆರಳು ಮಾತ್ರ ಮಸುಕಾಗಿ ಕಂಡರೆ ಸರಿ.

ಇನ್ನು ಬಟ್ಟೆಯ ಜಾತಿ. ಈಗ ಹೆಚ್ಚಿನ ಶಿಬಿರಗಳ ಅಂಗಿ ಪಾಲಿಯೆಸ್ಟರ್. ಕಾರಣ ಪ್ರಿಂಟು. ಎದೆ, ಬೆನ್ನು, ತೋಳಿಗೆಲ್ಲ ಬಣ್ಣಬಣ್ಣದ ಚಿತ್ರ, ಪ್ರಾಯೋಜಕರ ಹೆಸರು ಬರಬೇಕಾದರೆ ಸಬ್ಲಿಮೇಷನ್ ಪ್ರಿಂಟ್ ಮಾಡಬೇಕು, ಅದು ಸರಿಯಾಗಿ ಹಿಡಿಯುವುದು ಪಾಲಿಯೆಸ್ಟರಿಗೆ. ಪಾಲಿಯೆಸ್ಟರೆಲ್ಲ ಕೆಟ್ಟದ್ದೇನೂ ಅಲ್ಲ. ಸಣ್ಣ ರಂಧ್ರಗಳಿರುವ ಒಳ್ಳೆಯ ಹೆಣಿಗೆಯ ಬಟ್ಟೆ ಬೇಗ ಒಣಗುತ್ತದೆ, ಮಂಗಳೂರು-ಕಾರವಾರದ ಸೆಕೆಯಲ್ಲಿ ಅದೇ ವಾಸಿ ಅನ್ನಿಸಬಹುದು. ಅಲ್ಲಿ ಗಾಳಿಯಲ್ಲೇ ತೇವ ಇರುವುದರಿಂದ ಬೆವರು ಆರುವುದು ನಿಧಾನ. ಒದ್ದೆ ಹತ್ತಿ ಅಂಗಿ ಮೈಗೆ ಅಂಟಿಕೊಂಡು ಭಾರವಾಗುತ್ತದೆ. ನಮ್ಮ ಕಡೆಯದು ಒಣಬಿಸಿಲು. ಇಲ್ಲಿ ಹತ್ತಿ ಬೆವರನ್ನು ಹೀರಿ ಹರಡಿಕೊಳ್ಳುತ್ತದೆ, ಒಣಗಾಳಿ ಅದನ್ನು ಆರಿಸುತ್ತದೆ, ಆರುವಾಗ ಮೈಯ ಕಾವನ್ನು ಜೊತೆಗೇ ಎಳೆದುಕೊಳ್ಳುತ್ತದೆ. ಹಾಗಾಗಿ ನಮಗೆ ಹತ್ತಿಯ ಹೆಣೆದ ಬಟ್ಟೆ, ಇಲ್ಲವೇ ಹತ್ತಿಯ ಪಾಲು ಹೆಚ್ಚಿರುವ ಮಿಶ್ರ ಬಟ್ಟೆ ಒಳ್ಳೆಯದು.

ಅಂಗಡಿಯವರು ಏನೇ ಹೇಳಲಿ, ನೀವೇ ಪರೀಕ್ಷೆ ಮಾಡಬಹುದು. ಬಟ್ಟೆಯನ್ನು ತುಟಿಗೆ ಹಚ್ಚಿ ಊದಿ, ಉಸಿರು ಆಚೆ ಕೈಗೆ ತಾಗಬೇಕು. ಮೇಲೆ ಒಂದು ಹನಿ ನೀರು ಬಿಡಿ, ಅದು ಉರುಳಿಹೋಗದೆ ಹರಡಬೇಕು. ಟ್ರ್ಯಾಕ್ ಪ್ಯಾಂಟಿಗೆ ಬಳಸುವ ದಪ್ಪ ಹೊಳಪಿನ ಬಟ್ಟೆಯಲ್ಲಿ ಅಂಗಿಯನ್ನೂ ಹೊಲಿಸಿದ್ದನ್ನು ಕಂಡಿದ್ದೇನೆ. ಅದು ಈ ಎರಡು ಪರೀಕ್ಷೆಯಲ್ಲೂ ನಿಲ್ಲುವುದಿಲ್ಲ. ಎದೆಯ ತುಂಬ ರಬ್ಬರ್ ಪ್ರಿಂಟ್ ಹಾಕಿಸಿದರೆ ಹತ್ತಿ ಅಂಗಿಯೂ ಅಷ್ಟು ಜಾಗದಲ್ಲಿ ಉಸಿರಾಡುವುದಿಲ್ಲ. ತೊಟ್ಟ ಮಗುವಿನ ಎದೆಯ ಮೇಲೆ ಪ್ರಿಂಟಿನ ಆಕಾರದಲ್ಲೇ ಬೆವರುಸಾಲೆ ಎದ್ದಿರುತ್ತದೆ. ಹೆಸರು ಬೇಕೇ ಬೇಕೆಂದರೆ ಜೇಬಿನ ಜಾಗದಲ್ಲಿ ಅಂಗೈಯಷ್ಟು ಸಾಕು.

ಅಂಗಿಯ ಹೊಲಿಗೆಯ ಬಗ್ಗೆ ಎರಡು ಮಾತು. ತೋಳಿಲ್ಲದ ಜೆರ್ಸಿ ತಂಪು ಎಂದು ಅನೇಕರು ಭಾವಿಸಿದ್ದಾರೆ. ಗಾಳಿಯ ಬಿಸಿ 35 ಡಿಗ್ರಿ ದಾಟಿದ ಮೇಲೆ ಅದು ನಮ್ಮ ಚರ್ಮಕ್ಕಿಂತ ಬಿಸಿ, ತೆರೆದ ತೋಳು ಕಾವನ್ನು ಬಿಡುವುದಕ್ಕಿಂತ ಒಳಗೆ ತೆಗೆದುಕೊಳ್ಳುತ್ತದೆ. ಮಕ್ಕಳ ಮೈತೂಕಕ್ಕೆ ಹೋಲಿಸಿದರೆ ಅವರ ಚರ್ಮದ ಹರವು ದೊಡ್ಡವರಿಗಿಂತ ಹೆಚ್ಚು, ಬೆವರುವುದು ಕಡಿಮೆ. ಆದ್ದರಿಂದ ಈ ಕಾವು ಅವರನ್ನು ಬೇಗ ತಟ್ಟುತ್ತದೆ. ನಮ್ಮ ಹೊಲಗಳಲ್ಲಿ ಕೆಲಸ ಮಾಡುವವರು ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತಿಕೊಂಡೇ ಬಿಸಿಲಿಗೆ ಇಳಿಯುತ್ತಾರೆ. ಮೊಣಕೈವರೆಗೆ ಬರುವ ಸಡಿಲ ತೋಳು, ಎತ್ತಿ ನಿಲ್ಲಿಸಿದರೆ ಕತ್ತಿನ ಹಿಂಭಾಗ ಮುಚ್ಚುವ ಕಾಲರ್ ಇರಲಿ. ಅಳತೆಯೂ ಒಂದು ಸೈಜು ದೊಡ್ಡದಿರಲಿ, ಮೈಗೂ ಬಟ್ಟೆಗೂ ನಡುವೆ ಗಾಳಿಯಾಡಬೇಕು. ಕೆಳಗೆ ಬನಿಯನ್, ಅದರ ಮೇಲೆ ಅಂಗಿ, ಅದರ ಮೇಲೆ ತಂಡದ ಜೆರ್ಸಿ ಎಂದು ಮೂರು ಪದರ ಹಾಕಿಸುವುದನ್ನು ದಯವಿಟ್ಟು ನಿಲ್ಲಿಸಿ.

ಬಿಳಿಯನ್ನು ಸೊಂಟದ ಕೆಳಗೂ ಕಡ್ಡಾಯ ಮಾಡಬೇಡಿ. ಇದನ್ನು ಗಂಡಸರು ಹೆಚ್ಚಿರುವ ಸಂಘಟನಾ ಸಮಿತಿಗಳಿಗೆ ಬಿಚ್ಚಿ ಹೇಳಲೇಬೇಕು. ಹತ್ತು-ಹನ್ನೊಂದು ವರ್ಷಕ್ಕೇ ಮುಟ್ಟಾಗುವ ಹುಡುಗಿಯರಿದ್ದಾರೆ. ಬಿಳಿ ಪ್ಯಾಂಟ್ ತೊಟ್ಟು ದಿನವಿಡೀ ಮೈದಾನದಲ್ಲಿ ಇರಬೇಕು ಎಂದರೆ ಆ ದಿನ ಅವರು ಹೊಟ್ಟೆನೋವೆಂದು ಹೇಳಿ ಮನೆಯಲ್ಲೇ ಉಳಿಯುತ್ತಾರೆ. ಅಡಿಯಿಂದ ಮುಡಿಯವರೆಗೆ ಬಿಳಿಯೇ ಇರಬೇಕೆಂದು ಪಟ್ಟುಹಿಡಿದಿದ್ದ ವಿಂಬಲ್ಡನ್ ಕೂಡ ಇದೇ ಕಾರಣಕ್ಕೆ 2023ರಿಂದ ಆಟಗಾರ್ತಿಯರಿಗೆ ಕಡುಬಣ್ಣದ ಒಳಚಡ್ಡಿ ತೊಡಲು ಬಿಟ್ಟಿದೆ. ಬಿಸಿಲು ನೆತ್ತಿಗೇರಿದಾಗ ನೇರವಾಗಿ ಬೀಳುವುದು ತಲೆ, ಹೆಗಲು, ಬೆನ್ನಿನ ಮೇಲೆ. ಅಲ್ಲಿ ತಿಳಿಬಣ್ಣ ಇದ್ದರೆ ಬಹುಪಾಲು ಕೆಲಸ ಆದಂತೆ. ಪ್ಯಾಂಟು, ಚಡ್ಡಿ ಕಡುನೀಲಿ ಇರಲಿ, ಬಟ್ಟೆ ತೆಳ್ಳಗೆ, ಸಡಿಲವಾಗಿ ಇರಲಿ. ಬೆವರಿದಾಗ ಬಿಳಿ ಅಂಗಿ ಮೈ ತೋರಿಸುತ್ತದೆಂದು ದೊಡ್ಡ ಹುಡುಗಿಯರು ಮುದುಡಿಕೊಳ್ಳುತ್ತಾರೆ. ಅವರಿಗೆ ಬಿಳಿಯ ಬದಲು ತಿಳಿಹಳದಿಯ ತುಸು ಗಟ್ಟಿ ಬಟ್ಟೆ ಕೊಟ್ಟರೆ ಒಳಗೊಂದು ಸ್ಲಿಪ್ ಹಾಕಿ ಸೆಕೆ ಹೆಚ್ಚಿಸಿಕೊಳ್ಳುವ ಪ್ರಸಂಗ ಬರುವುದಿಲ್ಲ.

ಟೋಪಿಯ ವಿಷಯಕ್ಕೆ ಬರುತ್ತೇನೆ. ಶಿಬಿರಗಳಲ್ಲಿ ಹಂಚುವುದು ಕ್ರಿಕೆಟ್ ಆಡುವವರು ಹಾಕುವಂಥ, ಮುಂದೆ ಮಾತ್ರ ಚಾಚಿರುವ ಕ್ಯಾಪು. ಅದು ಹಣೆ, ಮೂಗಿಗೆ ನೆರಳು ಕೊಡುತ್ತದೆ. ಕಿವಿ ಮತ್ತು ಕುತ್ತಿಗೆಯ ಹಿಂಭಾಗ ಪೂರ್ತಿ ಬಿಸಿಲಿಗೆ ಬಿಟ್ಟಂತೆ. ಸಂಜೆ ಮನೆಗೆ ಬಂದ ಮಕ್ಕಳ ಕುತ್ತಿಗೆ ಮುಟ್ಟಿದರೆ ಅವರು ಏಕೆ ಚೀರುತ್ತಾರೆ ಎಂದು ತಾಯಂದಿರಿಗೆ ಗೊತ್ತು. ಆಸ್ಟ್ರೇಲಿಯಾದ ಪ್ರಾಥಮಿಕ ಶಾಲೆಗಳಲ್ಲಿ ಟೋಪಿ ಇಲ್ಲದಿದ್ದರೆ ಬಯಲಿನಲ್ಲಿ ಆಟವಿಲ್ಲ ಎಂಬ ನಿಯಮ ರೂಢಿಯಲ್ಲಿದೆ. ಅಲ್ಲಿಯೂ ಈ ಮುಂಚಾಚಿನ ಕ್ಯಾಪನ್ನು ಸಾಕೆಂದು ಒಪ್ಪುವುದಿಲ್ಲ, ಸುತ್ತಲೂ ಅಂಚಿರುವ ಟೋಪಿಯನ್ನೇ ಹೇಳುತ್ತಾರೆ. ನಮಗೆ ಬೇಕಾದದ್ದೂ ಅದೇ: ಸುತ್ತಲೂ ಮೂರ್ನಾಲ್ಕು ಬೆರಳು ಅಗಲದ ಅಂಚು, ಹತ್ತಿಬಟ್ಟೆ, ತಿಳಿಬಣ್ಣ. ಅದು ಸಿಗದಿದ್ದರೆ ಇರುವ ಕ್ಯಾಪಿನ ಹಿಂಬದಿಗೆ ಒಂದು ಗೇಣು ಹತ್ತಿಬಟ್ಟೆಯನ್ನು ಹೊಲಿದು, ಕೂಸಿನ ಕುಂಚಿಗೆಯ ಹಾಗೆ ಕುತ್ತಿಗೆಯ ಮೇಲೆ ಇಳಿಬಿಡಬಹುದು. ಹಳೆಯ ಪಂಚೆ ಒಂದಿದ್ದರೆ ಹತ್ತಾರು ಮಕ್ಕಳ ಕ್ಯಾಪಿಗೆ ಆಗುತ್ತದೆ.

ಟೋಪಿ ಹೊಲಿಸುವವರು ಅಂಚಿನ ಕೆಳಮೈಗೆ ಕಡುಬಣ್ಣದ ಬಟ್ಟೆ ಹಾಕಿಸಿ. ನೆಲದಿಂದ ಚಿಮ್ಮುವ ಬೆಳಕು ಬಿಳಿ ಅಂಚಿಗೆ ಬಡಿದು ಮತ್ತೆ ಕಣ್ಣಿಗೇ ಬರುತ್ತದೆ. ಒಳಗೆ ಸ್ಪಂಜಿನ ಪದರವಿರುವ ಅಗ್ಗದ ಕ್ಯಾಪು ಕೊಳ್ಳಬೇಡಿ, ನೆತ್ತಿಯ ಕಾವು ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಎರಡು ಜಡೆ ಹಾಕುವ ಹುಡುಗಿಯರಿಗೆ ನೆತ್ತಿಯ ಮೇಲೆ ಎತ್ತಿ ಕಟ್ಟದೆ ಕುತ್ತಿಗೆಯ ಮಟ್ಟದಲ್ಲಿ ಜಡೆ ಹಾಕಿ ಕಳಿಸಲು ಹೇಳಿ, ಇಲ್ಲದಿದ್ದರೆ ಟೋಪಿ ತಲೆಯ ಮೇಲೆ ಕೂರುವುದೇ ಇಲ್ಲ. ಓಟ, ಎತ್ತರ ಜಿಗಿತದ ಹೊತ್ತಿಗೆ ಟೋಪಿ ತೆಗೆದರೆ ಅಡ್ಡಿಯಿಲ್ಲ. ಗಲ್ಲದ ಕೆಳಗೆ ದಾರ ಕಟ್ಟಿಕೊಂಡು ಮಾತ್ರ ಯಾರೂ ಓಡಬಾರದು, ಎಲ್ಲಾದರೂ ಸಿಕ್ಕಿಕೊಂಡರೆ ಕುತ್ತಿಗೆಗೆ ಅಪಾಯ. ಕಾಯುವ ಹೊತ್ತಿನಲ್ಲಿ, ಪಥಸಂಚಲನದಲ್ಲಿ, ಭಾಷಣದ ಹೊತ್ತಿನಲ್ಲಿ ಟೋಪಿ ತಲೆಯ ಮೇಲೇ ಇರಲಿ. ಗಣ್ಯರು ಬಂದರೆಂದು ತೆಗೆಸಬೇಡಿ. ಒಬ್ಬರ ಟೋಪಿ ಇನ್ನೊಬ್ಬರು ಹಾಕಿಕೊಂಡರೆ ಹೇನು ಹರಡುತ್ತದೆಂದು ತಾಯಂದಿರು ಅಂಜುತ್ತಾರೆ, ಒಳಗೆ ಹೆಸರು ಬರೆಸಿದರೆ ಅದೂ ಬಗೆಹರಿಯುತ್ತದೆ.

ಕಾಲುಚೀಲವನ್ನು ಯಾರೂ ಗಮನಿಸುವುದಿಲ್ಲ, ಮಧ್ಯಾಹ್ನ ಮಕ್ಕಳು ಕುಂಟುವುದು ಮಾತ್ರ ಎಲ್ಲರಿಗೂ ಕಾಣುತ್ತದೆ. ಕಾವು, ತೇವ, ಉಜ್ಜಾಟ ಮೂರೂ ಸೇರಿದರೆ ಬೊಬ್ಬೆ ಬೇಗ ಏಳುತ್ತದೆ. ಬಿಸಿಲಲ್ಲಿ ಕಪ್ಪು ಶೂ ತೊಟ್ಟು ನಿಂತ ಮಗುವಿನ ಪಾದದಲ್ಲಿ ಮೊದಲ ಎರಡು ಇದ್ದೇ ಇರುತ್ತವೆ, ಓಡಿದ ಕೂಡಲೇ ಮೂರನೆಯದೂ ಸೇರುತ್ತದೆ. ಪೂರ್ತಿ ನೈಲಾನ್ ಕಾಲುಚೀಲ ಬೆವರನ್ನು ಹೀರುವುದಿಲ್ಲ. ಪೂರ್ತಿ ಹತ್ತಿಯದು ಹೀರಿಕೊಂಡು ಒದ್ದೆಯಾಗಿ ಮುದ್ದೆಗಟ್ಟುತ್ತದೆ, ಆ ಮಡಿಕೆಯೇ ಚರ್ಮವನ್ನು ಉಜ್ಜುತ್ತದೆ. ಹತ್ತಿ ಹೆಚ್ಚಾಗಿದ್ದು, ಆಕಾರ ಹಿಡಿದಿಡಲು ಸ್ವಲ್ಪ ನೈಲಾನ್, ಎಲಾಸ್ಟಿಕ್ ಸೇರಿದ್ದು ಸರಿ. ಅದಕ್ಕಿಂತ ಮುಖ್ಯ ಅಳತೆ. ಎಲ್ಲರಿಗೂ ಒಂದೇ ಅಳತೆಯದನ್ನು ಹಂಚಿದರೆ ಚಿಕ್ಕ ಮಕ್ಕಳಲ್ಲಿ ಕಾಲುಚೀಲದ ಹಿಮ್ಮಡಿ ಭಾಗ ಗಿಣ್ಣಿನ ಮೇಲಕ್ಕೆ ಬಂದಿರುತ್ತದೆ, ಉಳಿದ ಬಟ್ಟೆ ಬೆರಳ ಹತ್ತಿರ ಗಂಟಾಗಿರುತ್ತದೆ. ಶೂ ಬಿಚ್ಚಿಸಿ ನೋಡಿದರೆ ಕೂಡಲೇ ತಿಳಿಯುತ್ತದೆ. ಬೆರಳ ಬಳಿಯ ಹೊಲಿಗೆ ದಪ್ಪಗಿದ್ದರೆ ಒಳಹೊರಗು ಮಾಡಿ ತೊಡಿಸಿ. ಹೊಸ ಕಾಲುಚೀಲ, ಹೊಸ ಅಂಗಿ ಎರಡನ್ನೂ ಒಮ್ಮೆ ಒಗೆಯದೆ ಆ ದಿನ ತೊಡಿಸಬಾರದು. ಗಂಜಿ ಹೋಗದ ಬಟ್ಟೆ ಬೆವರು ಹೀರುವುದಿಲ್ಲ.

ನಮ್ಮ ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಒಂದು ಜೊತೆ ಶೂ, ಎರಡು ಜೊತೆ ಬಿಳಿ ಕಾಲುಚೀಲ ಕೊಡುತ್ತಾರೆ. ಒಂದನ್ನು ತೊಟ್ಟು, ಇನ್ನೊಂದನ್ನು ಚೀಲದಲ್ಲಿ ಹಾಕಿಕೊಂಡು ಬನ್ನಿ ಎಂದು ಹೇಳಿದರೆ ಯಾರಿಗೂ ಹೊಸ ಖರ್ಚಿಲ್ಲ. ಊಟದ ಹೊತ್ತಿಗೆ ಎಲ್ಲರೂ ಶೂ ಬಿಚ್ಚಿ, ಹತ್ತು ನಿಮಿಷ ಪಾದ ಗಾಳಿಗೆ ಬಿಟ್ಟು, ಬೆರಳ ಸಂದಿ ಒರೆಸಿಕೊಂಡು ಒಣ ಜೊತೆ ತೊಡಲಿ. ಹಿಮ್ಮಡಿಯಲ್ಲಿ ಕೆಂಪು ಕಲೆ, ಉರಿ ಕಂಡರೆ ಅದು ಬೊಬ್ಬೆಗೆ ಮುಂಚಿನ ಸೂಚನೆ, ಆಗಲೇ ಪ್ಲಾಸ್ಟರ್ ಹಚ್ಚಿದರೆ ರಿಲೇಗೆ ಮಗು ನೆಮ್ಮದಿಯಿಂದ ಓಡುತ್ತದೆ. ಬರಿಗಾಲಲ್ಲಿ ಓಡುವ ಅಭ್ಯಾಸವಿರುವ ಮಕ್ಕಳೂ ಇದ್ದಾರೆ. ಅವರನ್ನು ಟ್ರ್ಯಾಕಿಗೆ ಬಿಡುವ ಮೊದಲು ನಿಮ್ಮ ಅಂಗೈಯ ಹಿಂಭಾಗವನ್ನು ನೆಲಕ್ಕಿಟ್ಟು ನೋಡಿ. ಐದು ಸೆಕೆಂಡು ಇಡಲಾಗದಿದ್ದರೆ ಆ ನೆಲ ಮಗುವಿನ ಪಾದಕ್ಕೂ ತಕ್ಕದ್ದಲ್ಲ.

ಎರಡನೇ ಅಂಗಿಯ ಬಗ್ಗೆ ಪಾಲಕರು ಕೇಳುತ್ತಾರೆ: ಒದ್ದೆ ಅಂಗಿ ತಂಪಲ್ಲವೇ, ಬದಲಿಸುವುದೇಕೆ? ಒಣಬಿಸಿಲಿನಲ್ಲಿ ಸ್ವಲ್ಪ ಹೊತ್ತು ತಂಪೇ, ಒಪ್ಪುತ್ತೇನೆ. ಬೆವರು ಬಂದಂತೆಲ್ಲ ಬದಲಿಸಬೇಕಾಗಿಲ್ಲ. ಆದರೆ ಮೂರು ತಾಸಿನ ಮೇಲೆ ಬೆನ್ನಿನಲ್ಲಿ ಬಿಳಿ ಉಪ್ಪಿನ ಗೆರೆ ಕಾಣುತ್ತದೆ, ಬಟ್ಟೆ ಬಿರುಸಾಗುತ್ತದೆ, ಕಂಕುಳಲ್ಲಿ ಉಜ್ಜಿ ಚರ್ಮ ಕೆಂಪಾಗುತ್ತದೆ. ಬದಲಿಸುವ ಹೊತ್ತು ಅದು. ನಾನು ಹೇಳಿದ ಹುಡುಗಿಗೆ ಜಿಗಿತ ಮುಗಿದು ಊಟಕ್ಕೆ ಕೂರುವಾಗ ಒಂದು ಸಲ, ಎಲ್ಲ ಮುಗಿದು ಬಸ್ಸು ಹತ್ತುವ ಮುಂಚೆ ಒಂದು ಸಲ. ಮೊದಲನೆಯದಕ್ಕೆ ತಿಳಿಬಣ್ಣದ ಇನ್ನೊಂದು ಅಂಗಿ, ಎರಡನೆಯದಕ್ಕೆ ಮನೆಯ ಯಾವುದೇ ಸಡಿಲ ಹತ್ತಿ ಅಂಗಿ. ಒದ್ದೆ ಬಟ್ಟೆ ಹಾಕಲು ಒಂದು ಪ್ಲಾಸ್ಟಿಕ್ ಚೀಲ, ಮೈ ಒರೆಸಲು ಒಂದು ಚಿಕ್ಕ ಟವೆಲ್. ಬಿಚ್ಚಿದ ಅಂಗಿಯನ್ನು ಮುದ್ದೆ ಮಾಡಿ ತುರುಕದೆ ಶಾಮಿಯಾನದ ಹಗ್ಗಕ್ಕೆ ಹಾಕಿದರೆ ನಮ್ಮ ಬಿಸಿಲಿಗೆ ಬೇಗನೇ ಒಣಗಿರುತ್ತದೆ.

ಇಲ್ಲಿ ನೀವು ಮಾಡಬೇಕಾದ ಕೆಲಸವೊಂದಿದೆ, ಪಾಲಕರ ಕೈಯಲ್ಲಿ ಅದು ಆಗುವುದಿಲ್ಲ. ಬದಲಿಸುವ ಜಾಗ. ಹುಡುಗಿಯರಿಗೆ ಬಾಗಿಲಿರುವ ಒಂದು ಕೋಣೆ, ಅದಿಲ್ಲದಿದ್ದರೆ ನಾಲ್ಕು ಕಡೆ ಕಟ್ಟಿದ ಚಾದರ, ಹೊರಗೆ ಒಬ್ಬ ಶಿಕ್ಷಕಿ. ಇದಿಲ್ಲದೆ ಚೀಲದಲ್ಲಿ ಎಷ್ಟು ಅಂಗಿ ಇದ್ದರೂ ಅವು ಹಾಗೇ ಮನೆಗೆ ಮರಳುತ್ತವೆ. ವೇಳಾಪಟ್ಟಿಯಲ್ಲೂ ಊಟದ ಬಿಡುವಿನ ಜೊತೆ ‘ಅಂಗಿ, ಕಾಲುಚೀಲ ಬದಲಿಸುವುದು’ ಎಂದು ಬರೆಸಿ ಮೈಕಿನಲ್ಲಿ ಹೇಳಿಸಿ. ಮೈಕಿನಲ್ಲಿ ಹೇಳಿದ್ದನ್ನು ಮಕ್ಕಳು ಕೇಳುತ್ತಾರೆ.

ಉಡುಪಿನಿಂದ ಎಲ್ಲವೂ ಆಗುತ್ತದೆಂದು ನಾನು ಹೇಳಲಾರೆ. 42 ಡಿಗ್ರಿಯ ಮಧ್ಯಾಹ್ನಕ್ಕೆ ತಕ್ಕ ಅಂಗಿಯನ್ನು ಯಾವ ದರ್ಜಿಯೂ ಹೊಲಿಯಲಾರ. 12ರಿಂದ 4ರವರೆಗೆ ಓಟ ಬೇಡ. ಆ ಹುಡುಗಿಯ ರಿಲೇಯನ್ನು ಬೆಳಗಿನ ಹೊತ್ತಿಗೆ ತನ್ನಿ, ಬಹುಮಾನ ಸಂಜೆ ಕೊಡಿ. ಮಗುವಿಗೆ ತಲೆಸುತ್ತು, ತಲೆನೋವು, ಓಕರಿಕೆ ಕಂಡರೆ ನೆರಳಿಗೆ ಕರೆದು ಶೂ, ಕಾಲುಚೀಲ ಬಿಚ್ಚಿ, ಅಂಗಿಯನ್ನು ನೀರಲ್ಲಿ ತೋಯಿಸಿ ಮೈಮೇಲೆ ಹೊದಿಸಿ ಗಾಳಿ ಬೀಸಿ, ಎಚ್ಚರವಿದ್ದರೆ ಗುಟುಕು ಗುಟುಕಾಗಿ ನೀರು ಕುಡಿಸಿ. ಮಾತು ತೊದಲಿದರೆ, ಗುರುತು ಸಿಗದವರಂತೆ ನೋಡಿದರೆ, ಎಚ್ಚರ ತಪ್ಪಿದರೆ ತಡಮಾಡದೆ 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೂ ಮೈ ತಣಿಸುತ್ತಲೇ ಇರಿ.

ಮಾರ್ಚ್ ಮೊದಲ ವಾರದೊಳಗೆ ನಿಮ್ಮ ಸಮಿತಿ ಸೇರುವುದಾದರೆ, ತೋಳಪಟ್ಟಿ, ಸುತ್ತಂಚಿನ ಟೋಪಿ, ತಿಳಿಬಣ್ಣದ ಅಂಗಿ ಮೂರರದ್ದೂ ಒಂದೊಂದು ಮಾದರಿ ಹೊಲಿದು ತರುತ್ತೇನೆ. ಅದಕ್ಕೆ ಹಣ ಬೇಡ. ಬಿಸಿಲಲ್ಲಿಟ್ಟು, ನೀರು ಹಾಕಿ, ಊದಿ ನೋಡಿ. ಆಮೇಲೆ ಆರ್ಡರನ್ನು ಯಾವ ಅಂಗಡಿಗೆ ಕೊಟ್ಟರೂ ನನಗೆ ಸಂತೋಷವೇ.

ಇಂತಿ ತಮ್ಮ ವಿಶ್ವಾಸಿ,
ರಾಯಚೂರಿನ ಒಬ್ಬ ಸಮವಸ್ತ್ರ ಹೊಲಿಯುವವಳು, ಶಿಬಿರಾರ್ಥಿಯೊಬ್ಬಳ ತಾಯಿ